ಕೈಯಲ್ಲಿ ಹಿಡಿದ ಖಡಕ್ ರೊಟ್ಟಿಯ ಚಿತ್ರ: ಬೆರಳು, ಅಳತೆ, ಅಂಚು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆಯನ್ನು ಪಾಕೀಟು ಮಾಡಿ ಮಾರುವುದು ಈಗ ಸಾಮಾನ್ಯ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಜೋಳದ ರೊಟ್ಟಿಗೂ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಬಂದಿದೆ. ಮಾರಾಟ ವಾಟ್ಸಾಪ್‌ಗೆ, ಆನ್‌ಲೈನ್ ಅಂಗಡಿಗೆ ಹೋದಾಗ ಚಿತ್ರ ಬೇಕಾಗುತ್ತದೆ. ಬರೀ ಪಾಕೀಟಿನ ಚಿತ್ರ ಕೊಟ್ಟರೆ ಅದು ಅಂಗೈಯಷ್ಟಿದೆಯೋ ತಟ್ಟೆಯಷ್ಟಿದೆಯೋ ಎಂದು ಬೆಂಗಳೂರಿನ ಗಿರಾಕಿಗೆ ತಿಳಿಯುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ತೋರಿಸಿದರೆ ತಕ್ಷಣ ತಿಳಿಯುತ್ತದೆ. ಹಾಗಾಗಿ ಪದಗಳಲ್ಲಿ ವಿವರಣೆ ಬರೆದು ಕಂಪ್ಯೂಟರಿನಿಂದ ಚಿತ್ರ ಮಾಡಿಸುವವರು ಮೊದಲು ಕೇಳುವುದೇ ‘ಕೈಯಲ್ಲಿ ರೊಟ್ಟಿ ಹಿಡಿದ ಹೆಣ್ಣುಮಗಳು’ ಎಂದು. ಹೆಚ್ಚಾಗಿ ಕೆಡುವುದೂ ಅಲ್ಲೇ. ಬೆರಳು ರೊಟ್ಟಿಯೊಳಗೆ ಕರಗಿರುತ್ತದೆ, ಇಲ್ಲವೇ ರೊಟ್ಟಿ ಪೂರಿಯಷ್ಟು ಕಿರಿದಾಗಿರುತ್ತದೆ.

ಇದು ಏಕೆ ಕೆಡುತ್ತದೆ ಎಂಬುದು ಗೊತ್ತಾದರೆ ವಿವರಣೆಯಲ್ಲಿ ಏನು ಬರೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ಚಿತ್ರ ಮಾಡುವ ಈ ತಂತ್ರಾಂಶಗಳು ಕೈಯ ಎಲುಬು, ಕೀಲುಗಳನ್ನು ಕಲಿತಿಲ್ಲ. ಕೋಟಿಗಟ್ಟಲೆ ಚಿತ್ರಗಳಲ್ಲಿ ಕೈ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಕಲಿತಿವೆ. ವಸ್ತು ಹಿಡಿದ ಕೈಯಲ್ಲಿ ಒಮ್ಮೆ ಎರಡು ಬೆರಳು ಕಾಣುತ್ತವೆ, ಒಮ್ಮೆ ನಾಲ್ಕು, ಒಮ್ಮೆ ಹೆಬ್ಬೆರಳು ಮಾತ್ರ. ಕಲಿತ ಪಾಠವೇ ಹೀಗೆ ಗೊಂದಲದ್ದಾಗಿರುವುದರಿಂದ ಎಷ್ಟು ಬೆರಳು ಕಾಣಬೇಕು, ಎಷ್ಟು ಮರೆಯಾಗಬೇಕು ಎಂಬುದನ್ನು ತಂತ್ರಾಂಶ ಊಹಿಸುತ್ತದೆ.

ಎರಡನೆಯ ಕಾರಣ ಸೂಕ್ಷ್ಮದ್ದು. 2022ರ ಆಗಸ್ಟ್‌ನಲ್ಲಿ ಸಾರ್ವಜನಿಕರ ಕೈಗೆ ಬಂದ ಸ್ಟೇಬಲ್ ಡಿಫ್ಯೂಷನ್ ಮಾದರಿಯನ್ನು ನೋಡಿ. ಅದು ಚಿತ್ರವನ್ನು ನೇರವಾಗಿ ಬಿಡಿಸುವುದಿಲ್ಲ. ಉದ್ದ, ಅಗಲ ಎರಡನ್ನೂ ಎಂಟು ಪಟ್ಟು ಕುಗ್ಗಿಸಿದ ಮನೆಗಳ ಜಾಲರಿಯಲ್ಲಿ ಕೆಲಸ ಮಾಡಿ, ಕೊನೆಗೆ ಹಿಗ್ಗಿಸುತ್ತದೆ. 512 ಪಿಕ್ಸೆಲ್ ಅಗಲದ ಚಿತ್ರಕ್ಕೆ ಅದರ ಬಳಿ ಇರುವುದು 64 ಮನೆಗಳಷ್ಟೆ. ಹೆಣ್ಣುಮಗಳು ತಲೆಯಿಂದ ಕಾಲಿನವರೆಗೂ ಕಾಣುವಂತೆ ಕೇಳಿದರೆ ಅವಳ ಕೈಯ ಅಗಲ 40 ಪಿಕ್ಸೆಲ್ ಇರಬಹುದು. ಜಾಲರಿಯಲ್ಲಿ ಅದು ಐದು ಮನೆ, ಒಂದು ಬೆರಳಿಗೆ ಒಂದೇ ಮನೆ ಚಿಲ್ಲರೆ. ಬೆರಳು, ಬೆರಳಿನ ನೆರಳು, ರೊಟ್ಟಿಯ ಅಂಚು ಮೂರೂ ಅದೊಂದೇ ಮನೆಯಲ್ಲಿ ಕೂರಬೇಕಾಗುತ್ತದೆ, ಕೂತರೆ ಬೆರೆತುಹೋಗುತ್ತವೆ. ಕೈಯನ್ನು ಹತ್ತಿರದಿಂದ ಕೇಳಿ ಅದರ ಅಗಲ 240 ಪಿಕ್ಸೆಲ್‌ಗೆ ಬಂದರೆ ಬೆರಳಿಗೆ ಏಳು ಮನೆ ಸಿಗುತ್ತದೆ, ಅಂಚಿಗೂ ಜಾಗ ಉಳಿಯುತ್ತದೆ. ಈಚಿನ ಮಾದರಿಗಳು ದೊಡ್ಡ ಅಳತೆಯಲ್ಲಿ ಕೆಲಸ ಮಾಡುತ್ತವೆ, ಕೈಯನ್ನೂ ಮೊದಲಿಗಿಂತ ಚೆನ್ನಾಗಿ ಬಿಡಿಸುತ್ತವೆ. ಆದರೂ ಚಿತ್ರದಲ್ಲಿ ಕೈ ಎಷ್ಟು ಸಣ್ಣದೋ ಕೆಡುವ ಸಾಧ್ಯತೆ ಅಷ್ಟು ಹೆಚ್ಚು ಎಂಬ ಮಾತು ಅವಕ್ಕೂ ಸಲ್ಲುತ್ತದೆ. ಬೆರಳು ಸರಿ ಬರಬೇಕೆಂದರೆ ಮೊದಲ ತೀರ್ಮಾನ ಚೌಕಟ್ಟಿನದು: ಮುಖ ಬೇಡ, ಅಡುಗೆಮನೆ ಬೇಡ, ಮೊಣಕೈಯಿಂದ ಮುಂದಿನ ಕೈ ಮತ್ತು ವಸ್ತು ಸಾಕು.

ಇನ್ನು ಹಿಡಿತ. ಬ್ರಿಟಿಷ್ ವೈದ್ಯ ಜಾನ್ ನೇಪಿಯರ್ 1956ರಲ್ಲಿ ಮನುಷ್ಯನ ಕೈಯ ಹಿಡಿತವನ್ನು ಎರಡಾಗಿ ವಿಂಗಡಿಸಿದ. ಬೆರಳುಗಳು ವಸ್ತುವನ್ನು ಅಂಗೈಗೆ ಒತ್ತಿಕೊಳ್ಳುವುದು ಬಲದ ಹಿಡಿತ, ಹೆಬ್ಬೆರಳು ಮತ್ತು ಬೆರಳ ತುದಿಗಳ ನಡುವೆ ಹಿಡಿಯುವುದು ನಾಜೂಕಿನ ಹಿಡಿತ. ಯಾವ ಹಿಡಿತ ಎಂಬುದನ್ನು ವಸ್ತುವಿನ ಆಕಾರಕ್ಕಿಂತ ಹೆಚ್ಚಾಗಿ ಮಾಡುವ ಕೆಲಸ ತೀರ್ಮಾನಿಸುತ್ತದೆ ಎಂಬುದು ಅವನು ಒತ್ತಿ ಹೇಳಿದ ಮಾತು. ಅದೇ ಶೇಂಗಾ ಹಿಂಡಿಯ ಡಬ್ಬಿಯನ್ನು ಎತ್ತಿ ಕೊಡುವಾಗ ಸುತ್ತಿ ಹಿಡಿಯುತ್ತೇವೆ, ಅದರ ಮುಚ್ಚಳ ತಿರುವಿ ತೆಗೆಯುವ ಕೊನೆಗೆ ತುದಿಬೆರಳಲ್ಲಿ ಹಿಡಿಯುತ್ತೇವೆ. ಆದ್ದರಿಂದ ‘ಡಬ್ಬಿ ಹಿಡಿದ ಕೈ’ ಎಂದು ಬರೆದರೆ ತಂತ್ರಾಂಶಕ್ಕೆ ಏನೂ ಹೇಳಿದಂತಾಗಲಿಲ್ಲ. ಆ ಕೈ ಏನು ಮಾಡುತ್ತಿದೆ ಎಂದು ಬರೆಯಬೇಕು.

ತೂಕವೂ ಹಿಡಿತದಲ್ಲಿ ಕಾಣಬೇಕು. ಒಂದು ಕಿಲೋ ತೊಗರಿ ಬೇಳೆಯ ಪಾಕೀಟು ಸುಮಾರು ಒಂದೂಕಾಲು ಲೀಟರಿನಷ್ಟು ಜಾಗ ಹಿಡಿಯುತ್ತದೆ. ಅದನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದಂತೆ ತೋರಿಸಿದರೆ ಒಳಗೆ ಹತ್ತಿ ತುಂಬಿದಂತೆ ಕಾಣುತ್ತದೆ. ಪಾಕೀಟಿನ ಬುಡಕ್ಕೆ ಅಂಗೈ ಕೊಟ್ಟು, ಇನ್ನೊಂದು ಕೈಯಿಂದ ಮೇಲಿನ ಅಂಚು ಹಿಡಿದಿರಬೇಕು. ಬೆರಳು ತಾಗಿದ ಕಡೆ ಪ್ಲಾಸ್ಟಿಕ್ ಒಳಗೆ ತಗ್ಗಾಗಿ, ಪಕ್ಕದಲ್ಲಿ ಸುಕ್ಕು ಬಿದ್ದಿರಬೇಕು. ಗಟ್ಟಿ ಡಬ್ಬಿಯಾದರೆ ಇದು ತಿರುಗುಮುರುಗು: ಡಬ್ಬಿ ತಗ್ಗಾಗುವುದಿಲ್ಲ, ಬೆರಳ ತುದಿಯ ಮಾಂಸ ಚಪ್ಪಟೆಯಾಗುತ್ತದೆ. ಮೆತ್ತನೆಯದು ಯಾವುದು, ಗಟ್ಟಿ ಯಾವುದು ಎಂದು ಒಂದು ಪದ ಸೇರಿಸಿದರೂ ಚಿತ್ರದಲ್ಲಿ ವ್ಯತ್ಯಾಸ ಕಾಣುತ್ತದೆ.

ಈಗ ಖಡಕ್ ರೊಟ್ಟಿಯನ್ನೇ ತೆಗೆದುಕೊಂಡು ಪೂರ್ತಿ ಮಾಡಿ ನೋಡೋಣ. ಈ ಮೂರು ತಾಲೂಕುಗಳ ವಸ್ತುಗಳಲ್ಲಿ ಇದೇ ಅತಿ ಕಷ್ಟದ್ದು, ಅದಕ್ಕೇ ಆರಿಸಿದ್ದೇನೆ. ತಂತ್ರಾಂಶಕ್ಕೆ ಫುಲ್ಕಾ, ಪೂರಿ, ಹಪ್ಪಳ ಚೆನ್ನಾಗಿ ಗೊತ್ತು, ನಮ್ಮ ರೊಟ್ಟಿ ಅಷ್ಟಾಗಿ ಗೊತ್ತಿಲ್ಲ. ‘ರೊಟ್ಟಿ’ ಎಂದಷ್ಟೇ ಬರೆದರೆ ಮೆತ್ತಗೆ ಬಾಗುವ, ಅಂಗೈಯಗಲದ ಗೋಧಿ ಚಪಾತಿ ಬರುತ್ತದೆ. ನಮಗೆ ಬೇಕಾದದ್ದು ಬಾಗದೆ ಸೆಟೆದು ನಿಲ್ಲುವ, ಬಿಳಿಚು ಮೈಯ ಮೇಲೆ ಸುಟ್ಟ ಕಲೆಗಳಿರುವ, ಅಂಚು ಅಲ್ಲಲ್ಲಿ ಬಿರಿದಿರುವ ರೊಟ್ಟಿ. ಅಗಲ 28 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ.

ಮೊದಲ ಪ್ರಶ್ನೆ: ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ರೊಟ್ಟಿ ಹಿಡಿದವಳೇ ಅದನ್ನು ನೋಡುತ್ತಿದ್ದರೆ ಹೆಬ್ಬೆರಳು ಅವಳ ಕಡೆಗೆ, ಅಂದರೆ ನಮಗೆ ಕಾಣುವ ಮುಖದ ಮೇಲೆ ಇರುತ್ತದೆ. ಉಳಿದ ನಾಲ್ಕು ಬೆರಳು ಹಿಂದೆ ಹೋಗುತ್ತವೆ. ಎದುರಿಗೆ ನಿಂತು ನೋಡುವ ಗಿರಾಕಿಯ ಕಣ್ಣಾದರೆ ಸಾಮಾನ್ಯವಾಗಿ ಇದು ಉಲ್ಟಾ: ಪತ್ರಿಕೆ ಓದುವವರ ಎದುರು ಕೂತಾಗ ಕಾಣುವಂತೆ ನಾಲ್ಕು ಬೆರಳು ನಮ್ಮ ಕಡೆ, ಹೆಬ್ಬೆರಳು ಆಚೆ. ವಿವರಣೆಯಲ್ಲಿ ಇದನ್ನು ಹೇಳದೆ ಬಿಟ್ಟರೆ ತಂತ್ರಾಂಶ ಎರಡನ್ನೂ ಬೆರೆಸಿ, ಹೆಬ್ಬೆರಳೂ ಮುಂದೆ, ನಾಲ್ಕು ಬೆರಳೂ ಮುಂದೆ ಎಂಬಂತೆ ಬಿಡಿಸುತ್ತದೆ. ನಾವು ಹಿಡಿದವಳ ಕಣ್ಣನ್ನು ಆರಿಸೋಣ. ಬಲಗೈ, ಚಿತ್ರದ ಬಲ ಕೆಳಮೂಲೆಯಿಂದ ಒಳಗೆ ಬರಲಿ.

ಎರಡನೆಯದು, ಯಾವ ಬೆರಳು ಎಲ್ಲಿ. ಹೆಬ್ಬೆರಳು ರೊಟ್ಟಿಯ ಮುಖದ ಮೇಲೆ ಚಪ್ಪಟೆಯಾಗಿ, ಉಗುರು ಕಾಣುವಂತೆ. ತೋರುಬೆರಳು, ನಡುಬೆರಳುಗಳ ಬುಡ ಅಂಚಿನ ಹೊರಗೆ ಕಾಣುತ್ತದೆ, ತುದಿ ರೊಟ್ಟಿಯ ಹಿಂದೆ ಮರೆಯಾಗುತ್ತದೆ. ಉಂಗುರ ಬೆರಳು, ಕಿರುಬೆರಳು ಪೂರ್ತಿ ಮರೆ. ‘ಐದೂ ಬೆರಳು ಸ್ಪಷ್ಟವಾಗಿ ಕಾಣಲಿ’ ಎಂದು ಬರೆಯುವ ಅಭ್ಯಾಸ ಹಲವರಿಗಿದೆ, ಅದನ್ನು ಬಿಡಬೇಕು. ಈ ಹಿಡಿತದಲ್ಲಿ ಐದೂ ಕಾಣಲು ಸಾಧ್ಯವೇ ಇಲ್ಲ. ಹಟ ಮಾಡಿ ಕೇಳಿದರೆ ತಂತ್ರಾಂಶ ಹಿಂದಿನ ಬೆರಳನ್ನು ರೊಟ್ಟಿ ತೂರಿ ಮುಂದೆ ತರುತ್ತದೆ. ‘ಆರು ಬೆರಳು ಬೇಡ, ಕರಗಿದ ಬೆರಳು ಬೇಡ’ ಎಂದು ಬರೆಯುವುದೂ ಕೆಲವು ತಂತ್ರಾಂಶಗಳಲ್ಲಿ ಉಲ್ಟಾ ಹೊಡೆಯುತ್ತದೆ. ಬೇಡದ್ದನ್ನು ಬರೆಯಲು ಬೇರೆ ಜಾಗ ಇಲ್ಲದ ಕಡೆ, ಬರೆದ ಪದವೇ ಚಿತ್ರಕ್ಕೆ ಬಂದುಬಿಡುತ್ತದೆ. ಇರಬೇಕಾದದ್ದನ್ನು ಹೇಳುವುದೇ ಕ್ಷೇಮ.

ಮೂರನೆಯದು ಅಳತೆ. ‘28 ಸೆಂಟಿಮೀಟರ್’ ಎಂದು ಬರೆದು ಪ್ರಯೋಜನವಿಲ್ಲ, ತಂತ್ರಾಂಶದ ಬಳಿ ಅಳತೆ ಪಟ್ಟಿ ಇಲ್ಲ. ಕೈಗೆ ಹೋಲಿಸಿ ಹೇಳಬೇಕು: ‘ರೊಟ್ಟಿ ಕೈಗಿಂತ ಬಹಳ ಅಗಲ’. ವಯಸ್ಕ ಹೆಣ್ಣುಮಗಳ ಕೈ ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಸುಮಾರು 17 ಸೆಂಟಿಮೀಟರ್. ಅಂದರೆ ರೊಟ್ಟಿ ಅವಳ ಕೈಯ ಉದ್ದದ ಒಂದೂವರೆ ಪಟ್ಟಿಗಿಂತ ಹೆಚ್ಚು.

ನಾಲ್ಕನೆಯದು ಬೆಳಕು. ಕೈಯ ಬಣ್ಣಕ್ಕೂ ರೊಟ್ಟಿಯ ಬಣ್ಣಕ್ಕೂ ಅಂತರ ಇದ್ದರೆ ಅಂಚು ಉಳಿಯುತ್ತದೆ. ‘ಬಂಗಾರದ ಸಂಜೆ ಬೆಳಕು’ ಎಂದು ಬರೆದಿರೋ, ಕೈಯೂ ರೊಟ್ಟಿಯೂ ಒಂದೇ ಹಳದಿಗೆ ತಿರುಗಿ ಗಡಿ ಅಳಿಸಿಹೋಗುತ್ತದೆ. ಪಕ್ಕದ ಕಿಟಕಿಯಿಂದ ಬೀಳುವ ಹಗಲ ಬೆಳಕು ಕೇಳಿ. ಹೆಬ್ಬೆರಳಿನ ಕೆಳಗೆ ಒಂದು ಸಣ್ಣ ಕಪ್ಪು ನೆರಳಿನ ಗೆರೆ ಬೇಕು, ತಾಗಿದೆ ಎಂದು ಕಣ್ಣಿಗೆ ಹೇಳುವುದೂ ಎರಡೂ ಬೇರೆ ವಸ್ತು ಎಂದು ತೋರಿಸುವುದೂ ಅದೇ ಗೆರೆ. ಚರ್ಮದ ಬಣ್ಣವನ್ನೂ ಬರೆಯಿರಿ. ಬರೆಯದಿದ್ದರೆ ತಂತ್ರಾಂಶ ಬಿಳಿಚು ಕೈ ಕೊಡುವುದು ಹೆಚ್ಚು, ಆಗ ಬಿಳಿಚು ರೊಟ್ಟಿಯೊಡನೆ ಕರಗುವುದು ಇನ್ನೂ ಸುಲಭ. ಹೊಲದ ಬಿಸಿಲಿನಲ್ಲಿ ದುಡಿದ ಕಂದು ಕೈ ಈ ಊರಿಗೂ ನಿಜ, ಚಿತ್ರಕ್ಕೂ ಅನುಕೂಲ.

ಹೊಸ ತಂತ್ರಾಂಶಗಳಲ್ಲಿ ಈ ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ಹಳೆಯ ಸ್ಟೇಬಲ್ ಡಿಫ್ಯೂಷನ್ ಮಾದರಿಗಳಿಗೆ ಕನ್ನಡ ಅರ್ಥವಾಗುವುದಿಲ್ಲ. ಜೊತೆಗೆ ಅವು ಒಮ್ಮೆಗೆ ಓದುವುದು 75 ಪದತುಣುಕುಗಳನ್ನು ಮಾತ್ರ, ಆದ್ದರಿಂದ ಹಿಡಿತದ ಮಾತು ಮೊದಲು ಬರಬೇಕು, ಅಲಂಕಾರದ ಮಾತು ಕೊನೆಗೆ. ಅಲ್ಲಿ ಟೈಪ್ ಮಾಡಬೇಕಾದದ್ದು ಹೀಗಿರುತ್ತದೆ:

```
close-up, brown right hand of an Indian woman
holding one large stiff jowar flatbread by the rim,
first-person view, flatbread much wider than the hand,
thumb flat on the front, nail visible,
index and middle fingers going behind the rim,
thin shadow under the thumb, soft side daylight,
plain dark blue background
```

ಹಿನ್ನೆಲೆ ಕಡುನೀಲಿ ಎಂದು ಬರೆದದ್ದಕ್ಕೂ ಕಾರಣವಿದೆ. ಕಂದು ಕೈ, ಬಿಳಿಚು ರೊಟ್ಟಿ ಎರಡಕ್ಕೂ ಅದು ದೂರದ ಬಣ್ಣ. ಮರದ ಮೇಜು, ಸೆಣಬಿನ ಚೀಲ, ಮಣ್ಣಿನ ಗೋಡೆ ನೋಡಲು ಚೆಂದ, ಆದರೆ ಅವೆಲ್ಲ ಚರ್ಮದ ಬಣ್ಣದ ಬಳಗ. ಬಳೆ ಬೇಕೆನಿಸಿದರೆ ಒಂದೆರಡು ಹಸಿರು ಬಳೆ ಸಾಕು. ಕೈತುಂಬ ಬಳೆ ಕೇಳಿದರೆ ಮಣಿಕಟ್ಟಿನ ಬಳಿ ಅವು ಒಂದಕ್ಕೊಂದು ಹೆಣೆದುಕೊಂಡು ಬರುತ್ತವೆ.

ಇಲ್ಲೊಂದು ನಿಜವಾದ ಇಕ್ಕಟ್ಟಿದೆ. ಅಳತೆ ತಿಳಿಯಲು ರೊಟ್ಟಿ ಪೂರ್ತಿ ಕಾಣಬೇಕು, ಬೆರಳು ಸರಿ ಬರಲು ಕ್ಯಾಮೆರಾ ಹತ್ತಿರ ಇರಬೇಕು. ರೊಟ್ಟಿ, ಮುಂಗೈ ಎರಡೂ ಚೌಕಟ್ಟಿನೊಳಗೆ ಬರಬೇಕೆಂದರೆ 40 ಸೆಂಟಿಮೀಟರ್ ಅಗಲದ ದೃಶ್ಯ ಬೇಕು. 512 ಪಿಕ್ಸೆಲ್‌ನ ಚಿತ್ರದಲ್ಲಿ ಆಗ ಒಂದು ಬೆರಳಿಗೆ ಮೂರೇ ಮನೆ ಉಳಿಯುತ್ತದೆ. 1024 ಪಿಕ್ಸೆಲ್‌ನಲ್ಲಿ ಕೆಲಸ ಮಾಡುವ ಮಾದರಿಯಾದರೆ ಅದು ಆರಾಗುತ್ತದೆ, ಸಾಕಷ್ಟಾಯಿತು. ಅದಿಲ್ಲದಿದ್ದರೆ ರೊಟ್ಟಿಯ ಎಡಭಾಗ ಸ್ವಲ್ಪ ಚೌಕಟ್ಟಿನ ಹೊರಗೆ ಹೋಗಲಿ. ಮುಕ್ಕಾಲು ರೊಟ್ಟಿಯ ಬಾಗು ಕಂಡರೂ ಅದರ ದೊಡ್ಡತನ ತಿಳಿಯುತ್ತದೆ.

ಚಿತ್ರ ಬಂದ ಮೇಲೆ ಪರೀಕ್ಷೆ. ನಾನು ಮೊದಲು ನೋಡುವುದು ರೊಟ್ಟಿಯ ಅಂಚಿನ ಗೆರೆಯನ್ನು. ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ, ಎಡದಿಂದ ಆ ಗೆರೆಯನ್ನೇ ಹಿಡಿದು ಕಣ್ಣು ಓಡಿಸಬೇಕು. ನಾವು ಕೇಳಿದ ಹಿಡಿತದಲ್ಲಿ ಹೆಬ್ಬೆರಳು ಅಡ್ಡ ಬಂದ ಕಡೆ ಮಾತ್ರ ಗೆರೆ ಮರೆಯಾಗಬೇಕು, ಆಚೆ ಬದಿಯಲ್ಲಿ ಅದೇ ಬಾಗಿನಲ್ಲಿ ಮತ್ತೆ ಹೊರಡಬೇಕು. ತೋರುಬೆರಳು, ನಡುಬೆರಳಿನ ಬಳಿ ಗೆರೆ ಅವುಗಳ ಮುಂದೆ ಹಾಯಬೇಕು. ಅಲ್ಲಿ ಗೆರೆ ಬೆರಳೊಳಗೆ ಇಂಗಿದರೆ ಬೆರಳು ಕರಗಿದೆ ಎಂದೇ ಅರ್ಥ. ಒಟ್ಟಾರೆ ನೋಡಿದಾಗ ಚೆಂದ ಕಾಣುವ ಎಷ್ಟೋ ಚಿತ್ರಗಳು ಇಲ್ಲಿ ಸಿಕ್ಕಿಬೀಳುತ್ತವೆ. ಸುಟ್ಟ ಕಲೆಗಳನ್ನೂ ನೋಡಿ. ರೊಟ್ಟಿಯ ಕಲೆ ಉಗುರಿನ ಮೇಲೂ ಹಬ್ಬಿದ್ದರೆ ತಂತ್ರಾಂಶ ಎರಡನ್ನೂ ಒಂದೇ ಮೈ ಎಂದು ತಿಳಿದಿದೆ.

ಅಳತೆಯ ಪರೀಕ್ಷೆಗೆ ಹೆಬ್ಬೆರಳಿನ ಅಗಲವೇ ಕೋಲು. ಹೆಣ್ಣುಮಗಳ ಹೆಬ್ಬೆರಳು ಸುಮಾರು 2 ಸೆಂಟಿಮೀಟರ್ ಅಗಲ. ಒಂದು ಕಾಗದದ ಚೂರಿನ ಅಂಚನ್ನು ಪರದೆಗೆ ಹಿಡಿದು ಹೆಬ್ಬೆರಳಿನ ಅಗಲ ಗುರುತು ಮಾಡಿಕೊಳ್ಳಿ, ಅದನ್ನೇ ರೊಟ್ಟಿಯ ಉದ್ದಕ್ಕೂ ಎಣಿಸಿ. 28 ಸೆಂಟಿಮೀಟರ್ ರೊಟ್ಟಿಗೆ ಸುಮಾರು 14 ಬರಬೇಕು. ಒಂಬತ್ತೋ ಹತ್ತೋ ಬಂದರೆ ಅದು ಚಪಾತಿಯ ಅಳತೆ. ಹೆಬ್ಬೆರಳನ್ನೇ ಆರಿಸಿದ್ದು ಅದು ರೊಟ್ಟಿಗೆ ತಾಗಿಕೊಂಡಿದೆ ಎಂಬ ಕಾರಣಕ್ಕೆ. ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವುದರಿಂದ ಹತ್ತಿರದ್ದು ದೊಡ್ಡದಾಗಿ ಕಾಣುವ ದೋಷ ಅಳತೆಯಲ್ಲಿ ನುಸುಳುವುದಿಲ್ಲ. ಮಣಿಕಟ್ಟಿನಿಂದ ಅಳೆದರೆ ನುಸುಳುತ್ತದೆ.

ಡಬ್ಬಿಗೆ ಇನ್ನೂ ಸರಳ ಪರೀಕ್ಷೆ ಇದೆ. 200 ಗ್ರಾಂ ಶೇಂಗಾ ಹಿಂಡಿಯ ಡಬ್ಬಿ ಏಳೂವರೆ ಸೆಂಟಿಮೀಟರ್ ದಪ್ಪ ಇದೆ ಎನ್ನಿ. ಸಾಧಾರಣ ಹೆಣ್ಣುಕೈಯಲ್ಲಿ 5 ಸೆಂಟಿಮೀಟರಿಗಿಂತ ದಪ್ಪನೆಯ ವಸ್ತುವನ್ನು ಸುತ್ತಿ ಹಿಡಿದಾಗ ಹೆಬ್ಬೆರಳ ತುದಿ ನಡುಬೆರಳ ತುದಿಗೆ ಮುಟ್ಟುವುದಿಲ್ಲ. ಚಿತ್ರದಲ್ಲಿ ಮುಟ್ಟಿದ್ದರೆ ಡಬ್ಬಿ ಇರುವುದಕ್ಕಿಂತ ಸಣ್ಣದಾಗಿ ಬಂದಿದೆ.

ಎಲ್ಲ ಸರಿಯಿದ್ದು ಒಂದು ಬೆರಳಷ್ಟೇ ಕೆಟ್ಟಿದ್ದರೆ ಚಿತ್ರವನ್ನು ಬಿಸಾಡಬೇಕಿಲ್ಲ. ಕೆಟ್ಟ ಭಾಗದ ಮೇಲೆ ಗುರುತು ಹಚ್ಚಿ ಅಷ್ಟನ್ನೇ ಮತ್ತೆ ಬಿಡಿಸಲು ಹೇಳುವ ಸೌಲಭ್ಯ ಹೆಚ್ಚಿನ ತಂತ್ರಾಂಶಗಳಲ್ಲಿದೆ. ಸ್ಟೇಬಲ್ ಡಿಫ್ಯೂಷನ್ ಬಳಸುವವರ ಪರದೆಯಲ್ಲಿ `Inpaint area` ಎಂಬಲ್ಲಿ `Only masked` ಆರಿಸಿದರೆ ಗುರುತಿಸಿದ ಭಾಗವನ್ನು ಅದು ಪೂರ್ತಿ ಚಿತ್ರದ ಅಳತೆಗೆ ಹಿಗ್ಗಿಸಿ ಬಿಡಿಸಿ, ಮತ್ತೆ ಕುಗ್ಗಿಸಿ ಜಾಗಕ್ಕೆ ಕೂರಿಸುತ್ತದೆ. ಮೊದಲು ಹೇಳಿದ ಮನೆಗಳ ಕೊರತೆ ಇಲ್ಲಿ ನೀಗುತ್ತದೆ, ಬೆರಳೊಂದಕ್ಕೇ ಹತ್ತಾರು ಮನೆ ಸಿಗುತ್ತದೆ. ಗುರುತು ಹಚ್ಚುವಾಗ ಬೆರಳಿಗಷ್ಟೇ ಹಚ್ಚಬಾರದು. ಬೆರಳು, ಅದರ ನೆರಳು, ಪಕ್ಕದ ಒಂದಿಷ್ಟು ರೊಟ್ಟಿಯ ಅಂಚು ಎಲ್ಲವನ್ನೂ ಸೇರಿಸಬೇಕು. ಕೆಟ್ಟಿರುವುದು ಗಡಿ, ಗಡಿಯ ಒಂದೇ ಬದಿಯನ್ನು ಕೊಟ್ಟರೆ ಅದು ಸರಿಹೋಗುವುದಿಲ್ಲ. ಆ ಭಾಗಕ್ಕೆ ಹೊಸ ವಿವರಣೆಯನ್ನೂ ಚಿಕ್ಕದಾಗಿ ಬರೆಯಿರಿ: ಹೆಬ್ಬೆರಳು, ಉಗುರು, ಕೆಳಗೆ ನೆರಳು, ರೊಟ್ಟಿಯ ಅಂಚು. ಇಷ್ಟೇ.

ಪಾಕೀಟಿನ ಮೇಲಿನ ಅಕ್ಷರವನ್ನು ಮಾತ್ರ ತಂತ್ರಾಂಶಕ್ಕೆ ಬಿಡಲೇಬೇಡಿ. ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಬೇರೆ ಯಾವುದೋ ಸಂಖ್ಯೆಯಾಗುತ್ತದೆ, ತೂಕ ಬದಲಾಗುತ್ತದೆ. ಪಾಕೀಟನ್ನು ಖಾಲಿ ಮೈಯಲ್ಲಿ ಮಾಡಿಸಿ, ನಿಮ್ಮ ನಿಜವಾದ ಲೇಬಲ್ಲಿನ ಚಿತ್ರವನ್ನು ಆಮೇಲೆ ಮೇಲೆ ಕೂರಿಸಬೇಕು. ಹೆಬ್ಬೆರಳು ಲೇಬಲ್ಲಿನ ಮೇಲೆ ಬರುವಂತಿದ್ದರೆ ಹೆಬ್ಬೆರಳಿನ ಆಕಾರದಷ್ಟು ಲೇಬಲನ್ನು ಕತ್ತರಿಸಿ ತೆಗೆಯಬೇಕು. ಈ ತೊಂದರೆಯೇ ಬೇಡವೆಂದರೆ ಬೆರಳುಗಳೆಲ್ಲ ಪಾಕೀಟಿನ ಬುಡದಲ್ಲಿ, ಪಕ್ಕದಲ್ಲಿ ಇರುವ ಹಿಡಿತವನ್ನೇ ಮೊದಲಿಗೆ ಕೇಳಿ.

ಇಷ್ಟು ಹೇಳಿದ ಮೇಲೂ, ಮಾರುವ ಪುಟಕ್ಕೆ ನನ್ನ ಆಯ್ಕೆ ನಿಜವಾದ ಕೈ, ನಿಜವಾದ ರೊಟ್ಟಿಯೇ. ಸಂಘದ ಒಬ್ಬರು ಕಿಟಕಿಯ ಪಕ್ಕ ನಿಂತು ರೊಟ್ಟಿ ಹಿಡಿಯಲಿ, ಇನ್ನೊಬ್ಬರು ಮೊಬೈಲಿನಲ್ಲಿ ಎರಡು ಪಟ್ಟು ಜೂಮ್ ಇಟ್ಟು, ಒಂದು ಹೆಜ್ಜೆ ಹಿಂದೆ ನಿಂತು ತೆಗೆಯಲಿ. ಜೂಮ್ ಇಲ್ಲದೆ ಮೊಬೈಲನ್ನು ಕೈಯ ತೀರ ಹತ್ತಿರ ಹಿಡಿದು ತೆಗೆದರೆ ಮುಂದಿನ ಬೆರಳು ಊದಿಕೊಂಡಂತೆ ಬರುತ್ತದೆ. ನಿಜವಾದ ಕೈಯನ್ನು ಹೀಗೆ ಹಿಂದೆ ನಿಂತು ತೆಗೆದರೆ ಬೆರಳು, ಹಿಡಿತ, ಅಳತೆ ಮೂರೂ ತಾವಾಗಿಯೇ ಸರಿ ಇರುತ್ತವೆ. ತಂತ್ರಾಂಶಕ್ಕೆ ಹಿನ್ನೆಲೆಯೊಂದನ್ನು ಬದಲಿಸುವ ಕೆಲಸ ಕೊಟ್ಟರೆ ಸಾಕು. ಪೂರ್ತಿ ಪದಗಳಿಂದ ಮಾಡಿಸಿದ ಚಿತ್ರ ಜಾತ್ರೆಯ ಮಳಿಗೆಯ ಬ್ಯಾನರಿಗೆ, ಹಬ್ಬದ ಶುಭಾಶಯಕ್ಕೆ ಆಗುತ್ತದೆ. ಅಮೆಜಾನ್‌ನಂಥ ತಾಣದಲ್ಲಿ ಮೊದಲ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಇರಬೇಕು, ವಸ್ತು ಚೌಕಟ್ಟಿನ ಶೇಕಡಾ 85ರಷ್ಟು ತುಂಬಿರಬೇಕು ಎಂಬ ನಿಯಮವಿದೆ. ಹಾಗಾಗಿ ಕೈಯ ಚಿತ್ರವನ್ನು ಎರಡನೆಯದಾಗಿಯೋ ಮೂರನೆಯದಾಗಿಯೋ ಹಾಕಿ.

2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರುವವರ ಜಾಹೀರಾತು ವಸ್ತುವಿನ ನಿಜವಾದ ಗುಣಲಕ್ಷಣಕ್ಕೆ ಹೊಂದಬೇಕು. ಚಿತ್ರದಲ್ಲಿ 14 ಹೆಬ್ಬೆರಳಿನಗಲ ಕಂಡ ರೊಟ್ಟಿ ಗಿರಾಕಿಯ ಮನೆಯಲ್ಲೂ ಅಷ್ಟೇ ಇರಬೇಕು. ಚಿತ್ರ ಹಾಕುವ ಮೊದಲು ನಿಮ್ಮ ರೊಟ್ಟಿಯ ಮೇಲೆ ನಿಮ್ಮದೇ ಹೆಬ್ಬೆರಳಿಟ್ಟು ಒಮ್ಮೆ ಎಣಿಸಿ ನೋಡಿ.